ಪದಚರ್ಚೆ: "ಟೆನ್ಷನ್ ಆಗ್ಬಿಟ್ಟಿದ್ದೆ", "ಮಿಸ್ ಮಾಡ್ಕೊಳ್ತೀನಿ" – ಇವನ್ನು ಕನ್ನಡಕ್ಕೆ ತರುವುದು ಹೇಗೆ?

ಪ್ರಶ್ನೆ (ಬೆಂಗಳೂರಿನಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಹಿರಿಯರ ಮಾತುಗಳನ್ನು ರೆಕಾರ್ಡ್ ಮಾಡಿ, ಬರೆದು, ಒಂದು ಸಣ್ಣ ಪುಸ್ತಕ ಮಾಡುತ್ತಿದ್ದೇವೆ. "ಇಂಗ್ಲಿಷ್ ಆದಷ್ಟು ಕಡಿಮೆ ಇರಲಿ" ಅನ್ನುವುದು ಸಂಪಾದಕರ ಮಾತು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಅಮ್ಮ ಹೇಳಿದ್ದು ಹೀಗಿದೆ:

"ಅವತ್ತು ಮೆಜೆಸ್ಟಿಕ್‌ನಲ್ಲಿ ಬಸ್ ಮಿಸ್ ಆಯ್ತು. ಆಕ್ಚುಲಿ ನಾನು ತುಂಬಾ ಟೆನ್ಷನ್ ಆಗ್ಬಿಟ್ಟಿದ್ದೆ, ಬಿಕಾಸ್ ಮಗಳು ಸ್ಕೂಲಲ್ಲಿ ವೇಟ್ ಮಾಡ್ತಾ ಇದ್ಲು. ಕಂಡಕ್ಟರ್ ಹೆಲ್ಪ್ ಮಾಡಿದ್ರು. ಈಗ್ಲೂ ಆ ಡೇಸ್ ಮಿಸ್ ಮಾಡ್ಕೊಳ್ತೀನಿ."

ಇದು ತಿದ್ದುಪಡಿಯಾಗಿ ವಾಪಸ್ ಬಂದ ರೂಪ:

"ಆ ದಿನ ಮೆಜೆಸ್ಟಿಕ್‌ನಲ್ಲಿ ಬಸ್ಸು ತಪ್ಪಿತು. ವಾಸ್ತವವಾಗಿ ನಾನು ತುಂಬಾ ಉದ್ವಿಗ್ನಳಾಗಿದ್ದೆ, ಏಕೆಂದರೆ ಮಗಳು ಶಾಲೆಯಲ್ಲಿ ನಿರೀಕ್ಷಿಸುತ್ತಿದ್ದಳು. ನಿರ್ವಾಹಕರು ಸಹಾಯ ಮಾಡಿದರು. ಈಗಲೂ ಆ ದಿನಗಳನ್ನು ಕಳೆದುಕೊಳ್ಳುತ್ತೇನೆ."

ಒಂದೊಂದು ಪದವೂ ಕನ್ನಡವೇ. ಆದರೆ ಆ ಅಮ್ಮ ಎಲ್ಲೋ ಕಾಣೆಯಾಗಿದ್ದಾರೆ. ಕೊನೆಯ ವಾಕ್ಯಕ್ಕಂತೂ ಅರ್ಥವೇ ಇಲ್ಲ. ಪದಗಳನ್ನು ಬದಲಿಸಿದ್ದಕ್ಕೆ ಹೀಗಾಯಿತೋ, ಅಥವಾ ತಪ್ಪು ಪದ ಆರಿಸಿದ್ದಕ್ಕೋ? ಎಲ್ಲಿಂದ ಸರಿಮಾಡಬೇಕು?

ಉತ್ತರ (ಮೈಸೂರಿನಿಂದ)

ನನ್ನ ಸೂತ್ರ ಸುಲಭ. ಇಂಗ್ಲಿಷ್ ಪದದ ಬಾಲಕ್ಕೆ "ಆಗು" ಅಥವಾ "ಮಾಡು" ಅಂಟಿಕೊಂಡಿದ್ದರೆ ಎರಡನ್ನೂ ಕಿತ್ತು ಒಂದೇ ಕನ್ನಡ ಕ್ರಿಯಾಪದ ಇಡಿ. ಮಿಸ್ ಆಯ್ತು ಅಂದರೆ ತಪ್ಪಿತು. ವೇಟ್ ಮಾಡು ಅಂದರೆ ಕಾಯಿ. ರೀಚ್ ಆದೆ ಅಂದರೆ ತಲುಪಿದೆ. ಸ್ಟಕ್ ಆದೆ ಅಂದರೆ ಸಿಕ್ಕಿಹಾಕಿಕೊಂಡೆ. ಎರಡು ಪದದ ಜಾಗದಲ್ಲಿ ಒಂದು, ಮಾತೂ ಚುರುಕಾಗುತ್ತದೆ. ನಿಮ್ಮ ತಿದ್ದುಪಡಿ ಮಾಡಿದವರು "ಕಾಯ್ತಾ ಇದ್ಲು" ಅನ್ನದೆ "ನಿರೀಕ್ಷಿಸುತ್ತಿದ್ದಳು" ಅಂದದ್ದೇ ಎಡವಟ್ಟು. ಉಳಿದದ್ದೂ ಇದೇ ದಾರಿಯಲ್ಲಿ ಸರಿಹೋಗುತ್ತದೆ.

ಉತ್ತರ (ಧಾರವಾಡದಿಂದ)

ನಮ್ಮ ಕಡೆ ಸಮಸ್ಯೆ ಬೇರೆ. "ಲೇಟ್ ಆತು" ಅಂತ ಬಿಡಿಸಿ ಬರೆಯಬೇಕೋ, "ಲೇಟಾತು" ಅಂತ ಕೂಡಿಸಿಯೋ ಅಂತ ನಮ್ಮ ಪತ್ರಿಕೆಯಲ್ಲಿ ಜಗಳವೇ ಆಯಿತು. ನಾನು ಕೂಡಿಸಿಯೇ ಬರೆಯುತ್ತೇನೆ, ಬಾಯಲ್ಲಿ ಬರುವುದು ಹಾಗೆ ಅಲ್ವಾ. "ಬಸ್ಸಿಗೆ" ಅಂತ ಒತ್ತಕ್ಷರ ಹಾಕ್ರಿ, "ಬಸ್‌ಗೆ" ಬೇಡ. ನಿಮಗೂ ಇದು ಉಪಯೋಗ ಆಗಬಹುದು.

ಉತ್ತರ (ಪ್ರಶ್ನೆ ಕೇಳಿದವರು)

ಧಾರವಾಡದ ಸಾರ್, ಬರೆಯುವ ರೀತಿ ನನ್ನ ಪ್ರಶ್ನೆ ಅಲ್ಲ, ಆದರೂ ಇಟ್ಟುಕೊಳ್ಳುತ್ತೇನೆ. ಮೈಸೂರಿನ ಸಾರ್, "ಟೆನ್ಷನ್ ಆಗ್ಬಿಟ್ಟಿದ್ದೆ" ಅನ್ನುವುದಕ್ಕೆ ನಿಮ್ಮ ಒಂದೇ ಪದ ಯಾವುದು?

ಉತ್ತರ (ಶಿವಮೊಗ್ಗದಿಂದ, ಕಾಲೇಜಿನಲ್ಲಿ ವ್ಯಾಕರಣ ಕಲಿಸಿದವರು)

ಮೈಸೂರಿನವರ ಸೂತ್ರ ಅರ್ಧ ದಾರಿ ಕರೆದುಕೊಂಡು ಹೋಗುತ್ತದೆ. ಓಡಾಟ, ಕೆಲಸ, ಕೊಡು-ಕೊಳ್ಳು ಇಂಥ ಕ್ರಿಯೆಗಳಿಗೆ ಅದು ಸರಿ. ಮೈಮನಸ್ಸಿಗೆ ಆಗುವ ಸಂಗತಿ ಬಂದ ಕೂಡಲೇ ಸೂತ್ರ ಕೈಕೊಡುತ್ತದೆ.

ಕನ್ನಡದಲ್ಲಿ ಹಸಿವು, ನಿದ್ದೆ, ಸಿಟ್ಟು, ಬೇಜಾರು, ನೆನಪು, ಸುಸ್ತು ಇವೆಲ್ಲ ನಾನು ಮಾಡುವ ಕೆಲಸಗಳಲ್ಲ, ನನಗೆ ಆಗುವಂಥವು, ಬರುವಂಥವು. ನನಗೆ ಹಸಿವಾಯಿತು, ನನಗೆ ಸಿಟ್ಟು ಬಂತು, ನನಗೆ ಬೇಜಾರಾಯಿತು. ಇಂಗ್ಲಿಷಿನಲ್ಲಿ ಅದೇ ಮನುಷ್ಯ ಕರ್ತೃವಾಗಿ ಮುಂದೆ ನಿಲ್ಲುತ್ತಾನೆ. ಪೇಟೆಯ ಮಾತಿಗೆ ಇಂಗ್ಲಿಷ್ ಪದ ಬಂದಾಗ ಒಮ್ಮೊಮ್ಮೆ ಆ ಕಟ್ಟಣೆಯೂ ಜೊತೆಗೇ ಬರುತ್ತದೆ: ನಾನು ಟೆನ್ಷನ್ ಆದೆ, ನಾನು ಕನ್‌ಫ್ಯೂಸ್ ಆದೆ, ನಾನು ಬೋರ್ ಆದೆ. ಪದ ಮಾತ್ರ ಕಿತ್ತು "ನಾನು ಗೊಂದಲ ಆದೆ" ಅಂದರೆ ಕಿವಿಗೆ ಒಡೆದ ಹಾಗೆ ಕೇಳುತ್ತದೆ. "ನಾನು"ವನ್ನೇ "ನನಗೆ" ಮಾಡಿ ನೋಡಿ: ನಂಗೆ ಗೊಂದಲ ಆಯ್ತು, ನಂಗೆ ಬೇಜಾರಾಯ್ತು, ನಂಗೆ ಸುಸ್ತಾಯ್ತು. ಪದ ಹುಡುಕಲು ಹೊರಡುವ ಮೊದಲು ವಿಭಕ್ತಿ ಬದಲಿಸಿ. ಎಷ್ಟೋ ಸಲ ಪದ ತಾನಾಗಿ ಬರುತ್ತದೆ.

ಎಲ್ಲಕ್ಕೂ "ನನಗೆ" ಹಾಕಬೇಕೆಂದಲ್ಲ. ನಾನು ಹೆದರಿದೆ, ನಾನು ದಣಿದೆ, ಬೆಚ್ಚಿಬಿದ್ದೆ – ಇಂಥ ಸ್ವಂತ ಕ್ರಿಯಾಪದ ಇದ್ದಲ್ಲಿ "ನಾನು" ಹಾಗೇ ಇರುತ್ತದೆ. "ಶಾಕ್ ಆದೆ" ಅನ್ನುವುದಕ್ಕೆ "ಬೆಚ್ಚಿಬಿದ್ದೆ" ಸರಿಯಾಗಿ ಕೂರಬಹುದು. ಆದರೆ ಸುದ್ದಿ ಕೇಳಿ ಸುಮ್ನೆ ಆಶ್ಚರ್ಯವಾದದ್ದನ್ನು "ಶಾಕ್ ಆದೆ" ಅನ್ನುವವರೇ ಜಾಸ್ತಿ. ಅಲ್ಲಿ "ನಂಗೆ ಆಶ್ಚರ್ಯ ಆಯ್ತು" ಸಾಕು.

ಮಿಸ್ ವಿಷಯಕ್ಕೆ ಬರೋಣ. ನಿಮ್ಮ ನಾಲ್ಕು ಸಾಲಿನಲ್ಲಿ ಅದು ಎರಡು ಸಲ ಬಂದಿದೆ, ಎರಡಕ್ಕೂ ಅರ್ಥ ಬೇರೆ. ಬಸ್ಸು ತಪ್ಪಿತು, ಅಷ್ಟೇ. ದಿನಗಳು ತಪ್ಪಿಲ್ಲ, ಕಳೆದುಹೋಗಿವೆ. ಅವು ಇಲ್ಲವಲ್ಲ ಅನ್ನುವ ಕೊರಗು ಆ ಅಮ್ಮನಿಗಿದೆ. "ನೆನಪಾಗುತ್ತೆ" ಅಂದರೆ ಅರ್ಥ ಬರುತ್ತದೆ, ಕೊರಗು ಬರುವುದಿಲ್ಲ. ಮನುಷ್ಯರ ಬಗ್ಗೆ ಆದರೆ "ನೀನಿಲ್ಲದೆ ಮನೆ ಬಿಕೋ ಅನ್ನುತ್ತೆ" ಅನ್ನಬಹುದು. ದಿನಗಳಿಗೆ ಹಾಗೆ ಹೇಳಲು ಬರುವುದಿಲ್ಲ.

ಉತ್ತರ (ಅಮೆರಿಕದಿಂದ)

ಮೇಷ್ಟ್ರೇ, ಈಗ ನನ್ನ ಮಗನ ಕನ್ನಡ ಅರ್ಥವಾಯಿತು! ಅವನು "ನಾನು ಅದನ್ನ ಲೈಕ್ ಮಾಡ್ತೀನಿ" ಅನ್ನುತ್ತಾನೆ. ಲೈಕ್ ಬೇಡ, ಇಷ್ಟ ಅನ್ನು ಅಂದೆ. "ನಾನು ಅದನ್ನ ಇಷ್ಟ ಮಾಡ್ತೀನಿ" ಅಂದ. ತಿದ್ದಿದ್ದು ಸರಿಯೋ ತಪ್ಪೋ ತಿಳಿಯದೆ ಸುಮ್ಮನಾಗಿದ್ದೆ. "ನಂಗೆ ಅದು ಇಷ್ಟ" ಅಂತ ಹೇಳಿಕೊಡಬೇಕಿತ್ತು ಅಲ್ವಾ. "ಮಾಡು" ಅನ್ನುವುದೇ ಬೇಡ ಅಲ್ಲಿ.

ಉತ್ತರ (ಮೈಸೂರಿನಿಂದ)

"ಇಷ್ಟಪಡ್ತೀನಿ" ಇದೆಯಲ್ಲ! ಒಂದೇ ಕ್ರಿಯಾಪದ. ನನ್ನ ಸೂತ್ರ ಇನ್ನೂ ಸತ್ತಿಲ್ಲ.

ಉತ್ತರ (ಶಿವಮೊಗ್ಗದಿಂದ)

ಇದೆ. ಆದರೆ ದೋಸೆ ತಿನ್ನುತ್ತಾ "ನಾನು ದೋಸೆಯನ್ನು ಇಷ್ಟಪಡುತ್ತೇನೆ" ಅನ್ನುವ ಮಗುವನ್ನು ನೀವು ನೋಡಿದ್ದೀರಾ?

ಉತ್ತರ (ಬೆಂಗಳೂರು, ನಾಟಕಗಳಿಗೆ ಸಂಭಾಷಣೆ ಬರೆಯುವವರು)

"ಆಕ್ಚುಲಿ", "ಬಿಕಾಸ್", "ಸೋ" ಬಗ್ಗೆ ಯಾರೂ ಮಾತಾಡಲಿಲ್ಲ. ನನ್ನ ಪ್ರಕಾರ ಹರಿವು ಕೆಡುವುದು ಅಲ್ಲೇ. "ಬಿಕಾಸ್" ಜಾಗಕ್ಕೆ "ಏಕೆಂದರೆ" ಬಂದ ಕ್ಷಣ ಬಾಯಿಮಾತು ಪಾಠಪುಸ್ತಕ ಆಗುತ್ತದೆ. ನಾವು ಮಾತಾಡುವಾಗ ಸಾಮಾನ್ಯವಾಗಿ ಕಾರಣ ಮೊದಲು ಹೇಳಿ ಆಮೇಲೆ ಆಗಿದ್ದು ಹೇಳುತ್ತೇವೆ. "ಮಗಳು ಕಾಯ್ತಾ ಇದ್ಲಲ್ಲ, ಅದಕ್ಕೇ..." ಅಂತ. ಆ "ಅಲ್ಲ" ಇದೆಯಲ್ಲ, "ಬಿಕಾಸ್" ಮಾಡುವ ಕೆಲಸ ಅದೇ ಮಾಡುತ್ತದೆ. ಹಾಗಾಗಿ ಎರಡು ವಾಕ್ಯಗಳ ಜಾಗ ಅದಲು ಬದಲು ಮಾಡಿ.

"ಆಕ್ಚುಲಿ" ಬಂದ ಕಡೆ ಮೊದಲು ತೆಗೆದು ಓದಿ. ನಿಮ್ಮ ಸಾಲಿನಲ್ಲಿ ಅದು ಉಸಿರು ತೆಗೆದುಕೊಳ್ಳಲು ಬಂದದ್ದು, ಹೋದರೆ ನಷ್ಟವಿಲ್ಲ. "ಆಕ್ಚುಲಿ ನಾನು ಬರಬೇಕು ಅಂತ ಇದ್ದೆ" ಅನ್ನುವಂಥ ಕಡೆ ಅದಕ್ಕೆ ಕೆಲಸ ಇದೆ. ಅಲ್ಲಿ ಒಂದು "ಏ" ಸಾಕು: "ಬರ್ಬೇಕು ಅಂತ್ಲೇ ಇದ್ದೆ." "ವಾಸ್ತವವಾಗಿ" ಮಾತ್ರ ಯಾವ ಅಮ್ಮನ ಬಾಯಲ್ಲೂ ಇಡಬೇಡಿ.

ನಾನಾದರೆ ಹೀಗೆ ಬರೆಯುತ್ತೇನೆ:

"ಅವತ್ತು ಮೆಜೆಸ್ಟಿಕ್‌ನಲ್ಲಿ ಬಸ್ಸು ತಪ್ಪಿಹೋಯ್ತು. ಮಗಳು ಸ್ಕೂಲಲ್ಲಿ ಕಾಯ್ತಾ ಇದ್ಲಲ್ಲ, ನಂಗೆ ಕೈಕಾಲೇ ಆಡ್ಲಿಲ್ಲ. ಪಾಪ, ಕಂಡಕ್ಟರೇ ಇನ್ನೊಂದು ಬಸ್ಸು ಹತ್ತಿಸಿ ಕಳಿಸಿದ್ರು. ಆ ದಿನಗಳು ಈಗ ಎಲ್ಲಿ ಬರ್ಬೇಕು ಅನ್ಸುತ್ತೆ."

ಉತ್ತರ (ಶಿವಮೊಗ್ಗದಿಂದ)

ಓದಲು ಚೆನ್ನಾಗಿದೆ, ಆದರೆ ಇದು ನಾಟಕವಲ್ಲ, ಒಬ್ಬರ ಹೇಳಿಕೆ. ಕಂಡಕ್ಟರು ಬಸ್ಸು ಹತ್ತಿಸಿದರು ಅಂತ ಆ ಅಮ್ಮ ಹೇಳಿಲ್ಲ. ಹಣ ಕೊಟ್ಟಿರಬಹುದು, ಸ್ಕೂಲಿಗೆ ಫೋನ್ ಮಾಡಿರಬಹುದು. "ಹೆಲ್ಪ್ ಮಾಡಿದ್ರು" ಅನ್ನುವುದು ಎಷ್ಟು ಮಸುಕಾಗಿದೆಯೋ ಅಷ್ಟೇ ಮಸುಕಾಗಿ "ಕಂಡಕ್ಟರ್ ಸಹಾಯ ಮಾಡಿದ್ರು" ಅಂತ ಬಿಡಿ. "ಕೈಕಾಲೇ ಆಡ್ಲಿಲ್ಲ" ಕೂಡ ಟೆನ್ಷನ್‌ಗಿಂತ ಒಂದು ಕೈ ಹೆಚ್ಚೇ. "ಒಂದೇ ಗಾಬರಿ ನಂಗೆ" ಅಂದರೆ ಸಾಕು.

ಉತ್ತರ (ತುಮಕೂರಿನಿಂದ)

ಟೆನ್ಷನ್ ತೆಗೆಯುವುದು ಯಾಕೆ ಅಂತ? ನಮ್ಮ ಅಜ್ಜಿಗೆ ಇಂಗ್ಲಿಷಿನ ಒಂದು ಅಕ್ಷರ ಬರಲ್ಲ, ಟೆನ್ಷನ್ ದಿನಾ ಹೇಳುತ್ತಾರೆ. ರದ್ದು, ತಯಾರು, ಖರ್ಚು, ರಾಜಿ ಎಲ್ಲ ಪಾರಸಿ-ಅರಬ್ಬಿಯಿಂದ ಬಂದವು. ಅವೂ ಇದೇ "ಮಾಡು", "ಆಗು" ಬಾಗಿಲಿನಿಂದಲೇ ಒಳಗೆ ಬಂದದ್ದು: ರದ್ದು ಮಾಡು, ತಯಾರಾಗು, ರಾಜಿ ಆಗು. ಈಗ ಅವನ್ನು ಯಾರೂ ಹೊರಗೆ ಹಾಕಲ್ಲ. ಕೊನೆಗೆ "ಉ" ಸೇರಿಸಲು ಬಂದರೆ ಪದ ಕನ್ನಡದ್ದಾಯಿತು ಅಂತ ನನ್ನ ಲೆಕ್ಕ. ಬಸ್ಸು, ಕಾರು, ಲೇಟು, ಟೆನ್ಷನ್ನು.

ಉತ್ತರ (ಶಿವಮೊಗ್ಗದಿಂದ)

ಅಜ್ಜಿಯ ಪರೀಕ್ಷೆ ಒಳ್ಳೆಯದು, "ಉ" ಪರೀಕ್ಷೆ ಅಷ್ಟು ಗಟ್ಟಿಯಲ್ಲ. ನಿನ್ನೆ ಮೊನ್ನೆ ಬಂದ ಪದಕ್ಕೂ ನಮ್ಮ ಬಾಯಿ "ಉ" ಸೇರಿಸುತ್ತದೆ. "ಮೀಟಿಂಗ್‌ಗೆ ಬಂದೆ", "ಮೀಟಿಂಗಿಗೆ ಬಂದೆ" ಎರಡನ್ನೂ ಒಬ್ಬರೇ ಹೇಳುತ್ತಾರೆ. ಆದರೂ ಟೆನ್ಷನ್ ಉಳಿಸಬಹುದು ಅನ್ನುವುದಕ್ಕೆ ನನ್ನ ಒಪ್ಪಿಗೆ ಇದೆ. ಚಿಂತೆ ಅದಕ್ಕಿಂತ ಭಾರ, ಗಾಬರಿ ಅದಕ್ಕಿಂತ ಚುರುಕು. ಉಳಿಸುವುದಾದರೆ "ನಂಗೆ ಟೆನ್ಷನ್" ಅಂತ ಉಳಿಸಿ. ಪದ ಇಂಗ್ಲಿಷಿನದಾದರೂ ವಾಕ್ಯ ಕನ್ನಡದ್ದಾಗಿರುತ್ತದೆ.

ಉತ್ತರ (ನಾಟಕದವರು)

ಅದಕ್ಕೆ ನನ್ನ ತಕರಾರಿದೆ. ಆ ಅಮ್ಮ ಹೇಳಿದ್ದೇ "ನಾನು ಟೆನ್ಷನ್ ಆಗ್ಬಿಟ್ಟಿದ್ದೆ" ಅಂತ. ಕಂಡಕ್ಟರ ವಿಷಯದಲ್ಲಿ ಒಂದು ಪದ ಸೇರಿಸಬೇಡಿ ಅಂದ ಮೇಷ್ಟ್ರು ಇಲ್ಲಿ ವಾಕ್ಯವನ್ನೇ ತಿದ್ದುತ್ತಿದ್ದಾರೆ. ಅರವತ್ತು ದಾಟಿದ ಬ್ಯಾಂಕಿನ ಹೆಂಗಸು ಬೆಂಗಳೂರಲ್ಲಿ ಹೀಗೆ ಮಾತಾಡುತ್ತಾರೆ ಅನ್ನುವುದೂ ಆ ಪುಸ್ತಕದ ಒಂದು ದಾಖಲೆಯೇ ಅಲ್ವಾ?

ಉತ್ತರ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ಥ್ಯಾಂಕ್ಸ್. ಸಂಪಾದಕರಿಗೆ ಇವತ್ತು ಕಳಿಸುತ್ತಿರುವುದು ಇದು:

"ಅವತ್ತು ಮೆಜೆಸ್ಟಿಕ್‌ನಲ್ಲಿ ಬಸ್ಸು ತಪ್ಪಿಹೋಯ್ತು. ಮಗಳು ಸ್ಕೂಲಲ್ಲಿ ಕಾಯ್ತಾ ಇದ್ಲಲ್ಲ, ನಂಗೆ ತುಂಬಾ ಟೆನ್ಷನ್ ಆಗ್ಬಿಟ್ಟಿತ್ತು. ಕಂಡಕ್ಟರ್ ಸಹಾಯ ಮಾಡಿದ್ರು. ಆ ದಿನಗಳು ಈಗ ಇಲ್ವಲ್ಲ ಅನ್ಸುತ್ತೆ."

ನಾಟಕದವರ ತಕರಾರು ನ್ಯಾಯವಾದದ್ದೇ. ಹಾಗಾಗಿ ಅಮ್ಮನ ಮಾತು ಇದ್ದ ಹಾಗೇ ಪುಸ್ತಕದ ಕೊನೆಯಲ್ಲಿ ಹಾಕೋಣ ಅಂತ ಕೇಳಿದ್ದೇನೆ. ಒಪ್ಪುತ್ತಾರೋ ಇಲ್ಲವೋ ನೋಡಬೇಕು. ಕಂಡಕ್ಟರ್ ಏನು ಸಹಾಯ ಮಾಡಿದರು ಅಂತ ಅವರಿಗೇ ಫೋನ್ ಮಾಡಿ ಕೇಳಿದೆ. ಮಗಳ ಸ್ಕೂಲಿನ ಕಡೆ ಹೋಗುವ ಬಸ್ಸು ಯಾವ ಪ್ಲಾಟ್‌ಫಾರಂನಿಂದ ಹೊರಡುತ್ತದೆ ಅಂತ ತೋರಿಸಿದ್ದಂತೆ, ಅಷ್ಟೇ.

ಮುಂದಿನ ರೆಕಾರ್ಡಿಂಗ್ ಒಬ್ಬ ಆಟೋ ಓಡಿಸುವವರದ್ದು. ಅದರಲ್ಲಿ "ಅಡ್ಜಸ್ಟ್ ಮಾಡ್ಕೊಳ್ಳಿ" ಮೂರು ಕಡೆ ಬರುತ್ತದೆ. ಒಂದು ಕಡೆ ಸೀಟಿನಲ್ಲಿ ಸರಿದು ಕೂರುವುದಕ್ಕೆ, ಒಂದು ಕಡೆ ಚಿಲ್ಲರೆ ಇಲ್ಲ ಅನ್ನುವುದಕ್ಕೆ, ಇನ್ನೊಂದು ಕಡೆ ಅತ್ತೆ ಸೊಸೆಗೆ ಹೇಳಿದ ಮಾತು. ಮೊದಲನೆಯದಕ್ಕೆ "ಸ್ವಲ್ಪ ಸರ್ಕೊಳ್ಳಿ", ಮೂರನೆಯದಕ್ಕೆ "ಹೊಂದ್ಕೊಂಡು ಹೋಗಮ್ಮ" ಅಂತ ಬರೆದಿದ್ದೇನೆ. ಚಿಲ್ಲರೆಗೆ ಏನು ಹಾಕಲಿ?

ಉತ್ತರ (ತುಮಕೂರಿನಿಂದ)

ಚಿಲ್ಲರೆಗೆ ಅಡ್ಜಸ್ಟೇ ಇರಲಿ. ಆಟೋದವರು ಬೇರೆ ಏನು ಹೇಳಿದರೂ ನಾವು ನಂಬಲ್ಲ.