ಸಹಾಯ ಬೇಕು: ಕರಿಕಾಳು ಮಾಯವಾದ್ರೂ ಸರಾಸರಿ ಕುಸಿದಿಲ್ಲ, ಯಾಕೆ?

ಪಿಯುಸಿ ಮಕ್ಕಳಿಗೆ ಜೆನೆಟಿಕ್ ಡ್ರಿಫ್ಟ್ ತೋರಿಸೋಣ ಅಂತ ಡಬ್ಬಿಯಲ್ಲಿ 190 ಹೆಸರುಕಾಳು, 10 ಉದ್ದಿನಕಾಳು ಹಾಕಿದೆ. ಒಂದೊಂದು ಕಾಳು ಒಂದು ಅಲೀಲ್. ದ್ವೀಪಕ್ಕೆ ಐದೇ ಜೀವಿಗಳು ಹೋಗಿ ನೆಲೆಸಿದವು ಅಂದುಕೊಂಡು, 30 ಮಕ್ಕಳೂ ಕಣ್ಣುಮುಚ್ಚಿ ತಲಾ 10 ಸಲ ಕಾಳು ತೆಗೆದರು. ತೆಗೆದದ್ದನ್ನು ಬರೆದುಕೊಂಡು ವಾಪಸ್ ಹಾಕಬೇಕು. (ಹಾಕದಿದ್ದರೆ ಡಬ್ಬಿಯ ಲೆಕ್ಕವೇ ಬದಲಾಗುತ್ತೆ.)

19 ಮಕ್ಕಳಿಗೆ ಕರಿಕಾಳು ಸಿಗಲೇ ಇಲ್ಲ. ಅದು ಸರಿ, 0.95¹⁰ ಅಂದ್ರೆ ಸುಮಾರು 0.60, 18ರ ಆಸುಪಾಸು ಬರಬೇಕು. 8 ಮಕ್ಕಳಿಗೆ ಒಂದು, 3 ಮಕ್ಕಳಿಗೆ ಎರಡು ಸಿಕ್ಕಿತು.

ತಲೆಕೆಟ್ಟಿದ್ದು ಇಲ್ಲಿ. ಹೆಟೆರೊಝೈಗಾಸಿಟಿ, ಅಂದ್ರೆ 2pq, ಮೊದಲು 0.095 ಇತ್ತು. ಈಗ ತರಗತಿಯ ಸರಾಸರಿ 0.08. ಸೂತ್ರದ ಪ್ರಕಾರವೂ ಒಂದು ತಲೆಮಾರಿಗೆ 1/(2N), ಅಂದ್ರೆ ಹತ್ತನೇ ಒಂದು ಭಾಗ ಮಾತ್ರ ಕಡಿಮೆಯಾಗಬೇಕು. ಎರಡು ಕರಿಕಾಳು ಸಿಕ್ಕವರ 0.32 ಸರಾಸರಿಯನ್ನು ಎತ್ತುತ್ತಿದೆ, ಅಲ್ವಾ? ಆದರೆ "19 ದ್ವೀಪದಲ್ಲಿ ಸೊನ್ನೆ, ಮತ್ತೆ ನಷ್ಟ ಇಷ್ಟೇನಾ ಸಾರ್?" ಅಂತ ಒಬ್ಬಳು ಕೇಳಿದಳು. ಸುಮ್ನೆ ನಿಂತೆ.

ಮುಂದೆ ಬಾಟಲ್‌ನೆಕ್ 10 ತಲೆಮಾರು ಹಾಗೇ ಮುಂದುವರಿದರೆ ಏನಾಗುತ್ತೆ ಅಂತ ತೋರಿಸಬೇಕು:

```r
p <- rep(0.05, 30)
for (i in 1:10) p <- rbinom(30, 10, p) / 10
mean(2 * p * (1 - p))
```

30 ದ್ವೀಪಕ್ಕೆ ಪ್ರತಿ ಸಲ ಓಡಿಸಿದಾಗಲೂ ಉತ್ತರ ತುಂಬಾ ಹಾರಾಡುತ್ತಿದೆ. ಎಷ್ಟು ದ್ವೀಪ ಇಟ್ಟರೆ ಸಾಕು? ಮಕ್ಕಳಿಗೆ ಸರಾಸರಿ ತೋರಿಸಲೋ, ಉಳಿದ ಅಲೀಲ್‌ಗಳ ಎಣಿಕೆ ತೋರಿಸಲೋ? ಪಾಠ ಮಾಡಿದ ಅನುಭವ ಇರೋರು ಹೇಳಿ.