ಮೆಂತ್ಯದ ಗೊಜ್ಜು ಕಹಿಯಾಗದ ಹಾಗೆ: ನೆನೆಸುವುದಾ, ಹುರಿಯುವುದಾ, ಮೊಳಕೆ ಕಟ್ಟುವುದಾ?

ಮೈಸೂರಿನಿಂದ ಪ್ರಶ್ನೆ: ಮೆಂತ್ಯಕಾಳಿನ ಗೊಜ್ಜು ಮಾಡಿದರೆ ಮಕ್ಕಳು ಬಾಯಿಗೇ ಇಡುವುದಿಲ್ಲ, ಅಷ್ಟು ಕಹಿ. ಅತ್ತೆ ಹುರಿ ಅಂತಾರೆ, ಪಕ್ಕದ ಮನೆಯವರು ನೆನೆಸಿ ಅಂತಾರೆ, ತಂಗಿ ಮೊಳಕೆ ಅಂತಾಳೆ. ಮಾಡಿ ನೋಡಿದವರು ಹೇಳಿ.

ಹುಬ್ಬಳ್ಳಿಯಿಂದ: ಹುರಿಯುವುದೇ ಸರಿ. ಉಪ್ಪಿನಕಾಯಿಗೆ ಹಾಕುವ ಮೆಂತ್ಯವನ್ನು ನಾವು ಎಣ್ಣೆ ಇಲ್ಲದೆ ಹುರಿದೇ ಪುಡಿ ಮಾಡುತ್ತೇವೆ. ಕಹಿ ಇರುವುದು ಸಿಪ್ಪೆಯಲ್ಲಿ. ಹುರಿದಷ್ಟೂ ಅದು ಸುಟ್ಟು ಹೋಗುತ್ತದೆ.

ದಾವಣಗೆರೆಯಿಂದ: ಹೆಚ್ಚಿಟ್ಟು ಉಪ್ಪು ಸವರಿ, ಹತ್ತು ನಿಮಿಷ ಬಿಟ್ಟು ಹಿಂಡಿಬಿಡಿ. ಕಹಿ ನೀರೆಲ್ಲ ಇಳಿದು ಹೋಗುತ್ತೆ. ನಾನು ರೊಟ್ಟಿ ಹಿಟ್ಟಿಗೆ ಕಲಸುವಾಗ ಹೀಗೇ ಮಾಡುವುದು.

ಮೈಸೂರಿನಿಂದ: ಅದು ಸೊಪ್ಪಿಗೆ ಅಲ್ವಾ ಅಕ್ಕಾ? ನಾನು ಕೇಳಿದ್ದು ಕಾಳಿನ ಬಗ್ಗೆ.

ಸಾಗರದಿಂದ: ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದವಳು, ಅಡುಗೆಯೂ ನನ್ನದೇ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಹುಬ್ಬಳ್ಳಿಯವರು ಹುರಿಯುವ ವಿಷಯದಲ್ಲಿ ಅರ್ಧ ಸರಿ, ಸಿಪ್ಪೆಯ ವಿಷಯದಲ್ಲಿ ಅಲ್ಲ. ಕಹಿಗೆ ಮುಖ್ಯ ಕಾರಣ ಸಪೋನಿನ್ ಎನ್ನುವ ವಸ್ತುಗಳು. ಅವು ಸಿಪ್ಪೆಗಿಂತ ಒಳಗಿನ ತಿರುಳಿನಲ್ಲೇ ಜಾಸ್ತಿ. ಇಡೀ ಕಾಳನ್ನು ನಾಲಿಗೆ ಮೇಲೆ ಇಟ್ಟುಕೊಳ್ಳಿ, ಮೊದಲು ಏನೂ ಅನ್ನಿಸುವುದಿಲ್ಲ. ಹಲ್ಲಿನಲ್ಲಿ ಒಡೆದ ಮೇಲೆ ಕಹಿ ಬರುತ್ತದೆ. ಅದಕ್ಕೇ ಒಗ್ಗರಣೆಯ ನಾಲ್ಕು ಕಾಳು ಅಷ್ಟು ಕಾಡುವುದಿಲ್ಲ. ಅದನ್ನೇ ಪುಡಿ ಮಾಡಿ ಹಾಕಿದರೆ ಪಾತ್ರೆಯೆಲ್ಲ ಕಹಿ.

ಸಪೋನಿನ್ ನೀರಿಗೆ ಇಳಿಯುತ್ತದೆ, ನೊರೆ ಕಟ್ಟುತ್ತದೆ. ರಾತ್ರಿ ನೆನೆಸಿದ ನೀರನ್ನು ಬೆಳಿಗ್ಗೆ ಕಲಕಿ ನೋಡಿ, ಸಣ್ಣ ನೊರೆ ಏಳುತ್ತದೆ. ಒಂದು ತೊಟ್ಟು ರುಚಿ ನೋಡಿದರೆ ಕಹಿ ಎಲ್ಲಿಗೆ ಬಂತು ಅಂತ ಗೊತ್ತಾಗುತ್ತದೆ. ಆದ್ದರಿಂದ ನೆನೆಸಿದರೆ ಸಾಲದು, ಆ ನೀರನ್ನು ಚೆಲ್ಲಬೇಕು. ಎರಡು ಚಮಚ ಕಾಳಿಗೆ ಎರಡು ಲೋಟ ನೀರು ಹಾಕಿ, ಬೆಳಿಗ್ಗೆ ಚೆಲ್ಲಿ, ಹೊಸ ನೀರಿನಲ್ಲಿ ಐದು ನಿಮಿಷ ಕುದಿಸಿ ಅದನ್ನೂ ಬಸಿಯಿರಿ. ಬಿಸಿ ನೀರು ತಣ್ಣೀರಿಗಿಂತ ಬೇಗ ಕಹಿ ಎಳೆಯುತ್ತದೆ. ಆದರೆ ಪರಿಮಳವೂ ಸ್ವಲ್ಪ ಹೋಗುತ್ತದೆ. ಕೈಗೆ ಅಂಟುವ ಲೋಳೆ ಬೇರೆ ವಿಷಯ. ಅದು ಕಾಳಿನ ಗೋಂದು, ಕಹಿ ಅದರದ್ದಲ್ಲ.

ಹುರಿದರೆ ಸಪೋನಿನ್ ಪೂರ್ತಿ ಹೋಗುವುದಿಲ್ಲ. ಕಾಳಿನ ವಾಸನೆ ಬದಲಾಗಿ ಬೀಜ ಹುರಿದಂಥ ಘಮ ಬರುತ್ತದೆ, ಅದರ ಮುಂದೆ ಕಹಿ ಹಿಂದೆ ಸರಿದ ಹಾಗೆ ಅನ್ನಿಸುತ್ತದೆ. ಅದೂ ಒಂದು ಹಂತದವರೆಗೆ ಮಾತ್ರ. ದಪ್ಪ ತಳದ ಬಾಣಲೆ, ಸಣ್ಣ ಉರಿ, ಕೈ ಬಿಡದೆ ಆಡಿಸುತ್ತಿರಬೇಕು. ಹಳದಿ ಕಾಳು ಹೊಂಬಣ್ಣಕ್ಕೆ ಬಂದು ಕೆಂಪಗಾಗಲು ಶುರುವಾದ ತಕ್ಷಣ ತಟ್ಟೆಗೆ ಸುರಿದುಬಿಡಿ. ಬಾಣಲೆಯಲ್ಲೇ ಬಿಟ್ಟರೆ ಒಲೆ ಆರಿಸಿದ ಮೇಲೂ ಹುರಿಯುತ್ತಲೇ ಇರುತ್ತದೆ. ಕಾಫಿ ಬಣ್ಣಕ್ಕೆ ಹೋದರೆ ಸುಟ್ಟ ಕಹಿ ಹೊಸದಾಗಿ ಸೇರುತ್ತದೆ. ಅದನ್ನು ಬೆಲ್ಲ ಹಾಕಿದರೂ ಮುಚ್ಚಲಾಗುವುದಿಲ್ಲ. ಎಸೆದು ಬೇರೆ ಹುರಿಯುವುದೇ ವಾಸಿ.

ನಮ್ಮ ಕಡೆ ಮೆಂತೆ ತಂಬುಳಿಗೆ ನಾಲ್ಕು ಜನಕ್ಕೆ ಅರ್ಧ ಚಮಚ ಕಾಳು ಸಾಕು. ತುಪ್ಪದಲ್ಲಿ ಕೆಂಪಗೆ ಹುರಿದು, ಜೀರಿಗೆ, ಕಾಯಿತುರಿ ಜೊತೆ ರುಬ್ಬಿ ಮಜ್ಜಿಗೆಗೆ ಬೆರೆಸುತ್ತೇವೆ. ಅಷ್ಟಕ್ಕೆ ಹುರಿದರೆ ಆಯಿತು. ನಿಮ್ಮ ಗೊಜ್ಜಿನಲ್ಲಿ ಕಾಳೇ ಮುಖ್ಯ, ಚಮಚಗಟ್ಟಲೆ ಬೀಳುತ್ತದೆ. ಅದಕ್ಕೆ ನನ್ನ ಮಟ್ಟಿಗೆ ಮೊಳಕೆಯೇ ಸರಿ.

ತುಮಕೂರಿನಿಂದ: ನನಗೆ ಶುಗರ್ ಇದೆ. ದಿನಾ ಬೆಳಿಗ್ಗೆ ನೆನೆಸಿದ ನೀರನ್ನೇ ಕುಡಿಯುತ್ತೇನೆ. ನೀವು ಅದನ್ನು ಚೆಲ್ಲಿ ಅಂತೀರಲ್ಲ ಮೇಡಂ, ಸತ್ವ ಹೋಗುವುದಿಲ್ವಾ?

ಸಾಗರದಿಂದ: ಸರ್, ನಾನು ಹೇಳಿದ್ದು ರುಚಿಗಾಗಿ. ಚೆಲ್ಲಿದ ನೀರಿನಲ್ಲಿ ಕಹಿಯ ಜೊತೆ ಬೇರೆ ಅಂಶಗಳೂ ಸ್ವಲ್ಪ ಹೋಗುತ್ತವೆ, ನಿಜ. ನೀವು ಮಾತ್ರೆ ತಗೊಳ್ಳುತ್ತಿದ್ದರೆ ಮೆಂತ್ಯದ ವಿಷಯವನ್ನೂ ಡಾಕ್ಟರಿಗೆ ಹೇಳಿಡಿ. ಎರಡೂ ಸೇರಿ ಶುಗರ್ ತೀರಾ ಇಳಿಯಬಹುದು.

ಮೈಸೂರಿನಿಂದ: ಮೊಳಕೆ ಹೇಗೆ ಕಟ್ಟುತ್ತೀರಿ ಮೇಡಂ? ಒಮ್ಮೆ ಕಟ್ಟಿದ್ದೆ, ಬಟ್ಟೆಯೊಳಗೆ ಅಂಟಂಟಾಗಿ ವಾಸನೆ ಬಂದಿತ್ತು.

ಸಾಗರದಿಂದ: ಆ ಅಂಟೇ ಗೋಂದು. ಹೆಸರುಕಾಳನ್ನು ನೆನೆಸಿ ಕಟ್ಟಿಟ್ಟರೆ ಆಯಿತು, ಮೆಂತ್ಯ ಹಾಗಲ್ಲ. ಎರಡು ಚಮಚ ಕಾಳನ್ನು ರಾತ್ರಿಯೆಲ್ಲ ನೆನೆಸಿ. ಬೆಳಿಗ್ಗೆ ಜಾಲರಿಯಲ್ಲಿ ಹಾಕಿ, ಕೈಗೆ ಜಾರುವುದು ಕಡಿಮೆಯಾಗುವವರೆಗೆ ನಲ್ಲಿ ಕೆಳಗೆ ತೊಳೆಯಿರಿ. ಗಂಟು ಬಿಗಿಯಬೇಡಿ. ಬಿಗಿದರೆ ನಡುವಿನ ಕಾಳಿಗೆ ಗಾಳಿಯಾಡದೆ ಕೊಳೆಯುತ್ತದೆ. ಜಾಲರಿಯಲ್ಲೇ ತೆಳ್ಳಗೆ ಹರಡಿ, ಮೇಲೆ ಒದ್ದೆ ಬಟ್ಟೆ ಮುಚ್ಚಿ. ಬೆಳಿಗ್ಗೆ ಸಂಜೆ ಎರಡು ಹೊತ್ತೂ ತೊಳೆದು ನೀರು ಪೂರ್ತಿ ಬಸಿಯಿರಿ. ಹೀಗೆ ತೊಳೆದಾಗಲೆಲ್ಲ ಕಹಿಯೂ ಸ್ವಲ್ಪ ಸ್ವಲ್ಪ ಹೋಗುತ್ತದೆ.

ಮಾರನೇ ದಿನ ಬಿಳಿ ಬಾಲ ಕಾಣುತ್ತದೆ. ಅರ್ಧ ಇಂಚು ಆಗುವವರೆಗೆ ಬಿಡಿ. ಮೊಳಕೆ ಬೆಳೆಯಲು ಆ ಗೋಂದನ್ನೇ ಸಕ್ಕರೆ ಅಂಶವಾಗಿ ಒಡೆದು ಬಳಸಿಕೊಳ್ಳುತ್ತದೆ. ಅದಕ್ಕೇ ಅಂಟು ಕಡಿಮೆಯಾಗುತ್ತದೆ, ಕಚ್ಚಿದರೆ ಒಂದು ಎಳೆ ಸಿಹಿ ಸಿಗುತ್ತದೆ. ಕಹಿ ಪೂರ್ತಿ ಹೋಗುವುದಿಲ್ಲ, ಹೋದರೆ ಅದು ಮೆಂತ್ಯವೇ ಅಲ್ಲ. ಒಳ್ಳೆಯ ಮೊಳಕೆಗೆ ಹಸಿ ಬಟಾಣಿಯ ವಾಸನೆ. ಹುಳಿ ವಾಸನೆ ಬಂದು ಕಾಳು ನೂಲು ಎಳೆದರೆ ಕೆಟ್ಟಿದೆ ಅಂತ ಅರ್ಥ, ತೊಳೆದು ಉಪಯೋಗಿಸಬೇಡಿ.

ಗೊಜ್ಜಿಗೆ ಎರಡು ಚಮಚ ಎಣ್ಣೆಯಲ್ಲಿ ಸಾಸಿವೆ, ಕರಿಬೇವು ಸಿಡಿಸಿ. ಮೊಳಕೆಯನ್ನು ಮೊದಲು ಎಣ್ಣೆಯಲ್ಲೇ ನಾಲ್ಕೈದು ನಿಮಿಷ ಬಾಡಿಸಿ. ಆಮೇಲೆ ನಿಂಬೆ ಗಾತ್ರದ ಹುಣಸೆಯ ರಸ, ಅರಿಸಿನ, ಉಪ್ಪು, ಎರಡು ಚಮಚ ಸಾರಿನ ಪುಡಿ. ಹುಣಸೆಯ ಹಸಿ ವಾಸನೆ ಹೋದ ಮೇಲೆ ಬೆಲ್ಲ. ಉಪ್ಪು ಕಡಿಮೆಯಾದರೆ ಕಹಿ ಎದ್ದು ಕಾಣುತ್ತದೆ. ಕಹಿ ಅನ್ನಿಸಿದರೆ ಬೆಲ್ಲಕ್ಕೆ ಕೈ ಹಾಕುವ ಮುಂಚೆ ಒಂದು ಚಿಟಿಕೆ ಉಪ್ಪು ಹಾಕಿ ನೋಡಿ.

ಉಡುಪಿಯಿಂದ, ಈಗ ದುಬೈ: ಇಲ್ಲಿ ಸೆಖೆಗೆ ಒಂದೇ ದಿನಕ್ಕೆ ಬಾಲ ಬರುತ್ತದೆ, ದಿನಕ್ಕೆ ಮೂರು ಸಲ ತೊಳೆಯದಿದ್ದರೆ ಹುಳಿ. ನಾವು ಮಾಡುವ ಮೆಂತೆ ಗಂಜಿಗೆ ಮೊಳಕೆ ಬೇಡ. ನೆನೆಸಿದ ಕಾಳನ್ನು ಅಕ್ಕಿ ಜೊತೆ ಮೆತ್ತಗೆ ಬೇಯಿಸಿ ತೆಂಗಿನ ಹಾಲು, ಬೆಲ್ಲ ಹಾಕಿದರೆ ಕಹಿ ಹಿತವಾಗಿಯೇ ಇರುತ್ತದೆ. ಮತ್ತೆ ದೋಸೆಗೆ ನೆನೆಸಿದ ನೀರನ್ನು ನಾನು ಚೆಲ್ಲುವುದೇ ಇಲ್ಲ, ಆ ಲೋಳೆಯಿಂದ ದೋಸೆ ಮೃದು.

ಹುಬ್ಬಳ್ಳಿಯಿಂದ: ಮೂರು ಲೋಟ ಅಕ್ಕಿಗೆ ಒಂದು ಚಮಚ ಮೆಂತ್ಯ, ಅದರಲ್ಲಿ ಕಹಿ ಎಲ್ಲಿ ಗೊತ್ತಾಗುತ್ತದೆ? ಆದರೂ ನಮ್ಮ ಮನೆಯಲ್ಲಿ ಆ ನೀರು ಚೆಲ್ಲಿಯೇ ರುಬ್ಬುವುದು. ದೋಸೆ ಹಾಗೂ ಮೆತ್ತಗೇ ಬರುತ್ತದೆ. ಗೊಜ್ಜಿಗೆ ಮಾತ್ರ ಈಗಲೂ ಹುರಿದ ಕಾಳೇ ನನಗಿಷ್ಟ. ಮೊಳಕೆಯಲ್ಲಿ ಆ ಘಮ ಸಿಗುವುದಿಲ್ಲ.

ಸಾಗರದಿಂದ: ಘಮದ ಮಾತು ಒಪ್ಪುತ್ತೇನೆ. ಅದು ಬೇಕಾದರೆ ಮೊಳಕೆ ಗೊಜ್ಜಿಗೆ ಕೊನೆಯಲ್ಲಿ ಹುರಿದ ಮೆಂತ್ಯದ ಪುಡಿ ಎರಡು ಬೆರಳಲ್ಲಿ ಹಿಡಿಯುವಷ್ಟು ಉದುರಿಸಬಹುದು. ಮಕ್ಕಳಿಗೆ ಮಾಡುವಾಗ ಅದನ್ನು ಬಿಡಿ.

ಮೈಸೂರಿನಿಂದ: ಮೊಳಕೆ ಜಾಸ್ತಿ ಆದರೆ ಫ್ರಿಜ್ಜಿನಲ್ಲಿ ಇಡಬಹುದಾ?

ಉಡುಪಿಯಿಂದ, ಈಗ ದುಬೈ: ತೇವ ಒರೆಸಿ, ಒಣ ಬಟ್ಟೆ ಹಾಸಿದ ಡಬ್ಬಿಯಲ್ಲಿ ಎರಡು ಮೂರು ದಿನ ಇಡಬಹುದು. ಫ್ರಿಜ್ಜಿನಲ್ಲೂ ನಿಧಾನಕ್ಕೆ ಬೆಳೆಯುತ್ತದೆ. ಹಸಿರು ಎಲೆ ಬಿಟ್ಟರೆ ಸೊಪ್ಪಿನ ಕಹಿ ಬರುತ್ತದೆ, ಅಷ್ಟರೊಳಗೆ ಮುಗಿಸಿ.