ರಜೆ ಫಾರ್ಮಿನಲ್ಲಿ ಪ್ರಿಫಿಕ್ಸ್, ಸಫಿಕ್ಸ್ ಖಾನೆ ಹೇಗೆ ತುಂಬೋದು?

ಕೇಳಿದವರು (ಕಾರವಾರ, ಬ್ಯಾಂಕ್ ಗುಮಾಸ್ತೆ, ಕೆಲಸಕ್ಕೆ ಸೇರಿ ವರ್ಷ ಆಗ್ತಾ ಬಂತು): ಅಕ್ಕನ ಮದುವೆ, ಶಿರಸಿಗೆ ಹೋಗಬೇಕು. ಬರುವ ತಿಂಗಳು 14 ಎರಡನೇ ಶನಿವಾರ. 16ರ ಸೋಮವಾರದಿಂದ 21ರ ಶನಿವಾರದವರೆಗೆ ರಜೆ ಬೇಕು, 23ಕ್ಕೆ ವಾಪಸ್. 14ರಿಂದ 22, ಒಂಬತ್ತು ದಿನ ಅಂತ ಬರೆದಿದ್ದೆ. ಮ್ಯಾನೇಜರ್ ಫಾರ್ಮ್ ತಿರುಗಿಸಿ ಕೊಟ್ಟರು.

ಶಿರಸಿ, ನಿವೃತ್ತ ಹೆಡ್ ಕ್ಯಾಷಿಯರ್: ತಂಗಿ, ಅವರು ಕೊಟ್ಟಿದ್ದು ಒಳ್ಳೇದಾಯ್ತು. ಹಾಗೇ ಮಂಜೂರಾಗಿದ್ರೆ ಮೂರು ದಿನ ಸುಮ್ಮನೆ ಕಳೀತಿದ್ದೆ. ‘ಇಂದ’ ಖಾನೆಯಲ್ಲಿ 16, ‘ವರೆಗೆ’ ಖಾನೆಯಲ್ಲಿ 21, ಒಟ್ಟು ದಿನ 6. ಪ್ರಿಫಿಕ್ಸ್ ಅಂದ್ರೆ ರಜೆಗೆ ಮುಂಚೆ ತಾಗಿ ಬರುವ ಬಿಡುವಿನ ದಿನ, ಅಲ್ಲಿ 14 ಮತ್ತು 15; ಸಫಿಕ್ಸ್ ಅಂದ್ರೆ ರಜೆ ಮುಗಿದ ಮೇಲೆ ತಾಗಿ ಬರುವುದು, ಅಲ್ಲಿ 22. ಈ ಮೂರು ದಿನ ನಿನ್ನ ಖಾತೆಯಿಂದ ಹೋಗೋದಿಲ್ಲ, ಆದರೆ ಊರು ಬಿಟ್ಟಿದ್ದೀಯ ಅಂತ ಕಚೇರಿಗೆ ಗೊತ್ತಿರ್ಬೇಕು, ಅದಕ್ಕೇ ಆ ಖಾನೆ.

ರಜೆ ವಿಧದಲ್ಲಿ ಪಿಎಲ್, ಅಂದ್ರೆ ಪ್ರಿವಿಲೇಜ್ ಲೀವ್ ಅಂತ ಬರೆ. ಸಿಎಲ್, ಅಂದ್ರೆ ಕ್ಯಾಶುಯಲ್ ಲೀವ್, ಒಂದೇ ಸಲಕ್ಕೆ ನಾಲ್ಕು ದಿನ ಮೀರುವಂತಿಲ್ಲ. ಪಿಎಲ್‌ನ ಗುಣ ಇನ್ನೊಂದಿದೆ: ನಡುವೆ ಸಿಕ್ಕ ಭಾನುವಾರವೂ ಲೆಕ್ಕಕ್ಕೆ ಬರ್ತದೆ. ನೀನು 24ರವರೆಗೆ ಉಳಿದ್ರೆ 22ರ ಭಾನುವಾರ ಸಫಿಕ್ಸ್ ಆಗೋದಿಲ್ಲ, ರಜೆಯ ಒಳಗೇ ಬೀಳ್ತದೆ. ಆಗ ಒಂಬತ್ತು ದಿನ ಹೋಗ್ತದೆ.

ಕುಮಟಾ, ಮಾಸ್ತರು: ನಮ್ಮ ಶಾಲೆಯಲ್ಲಿ ಫಾರ್ಮೇ ಇಲ್ಲ, ಹಾಳೆಯಲ್ಲಿ ‘ಮಾನ್ಯರೇ’ ಅಂತ ಬರೆದ್ರೆ ಮುಗೀತು.

ಅಂಕೋಲಾ, ಬ್ಯಾಂಕ್ ನೌಕರ: ನಾಲ್ಕು ಸಿಎಲ್, ಎರಡು ಪಿಎಲ್ ಹಾಕಿದ್ರೆ ಪಿಎಲ್ ಉಳೀತಲ್ಲ? ನನಗೆ ಒಮ್ಮೆ ಹಾಗೆ ಕೊಟ್ಟಿದ್ರು.

ನಿವೃತ್ತ ಹೆಡ್ ಕ್ಯಾಷಿಯರ್: ಕೊಟ್ಟಿರಬಹುದು ತಮ್ಮಾ. ನಮ್ಮ ಕಾಲದಲ್ಲಿ ಸಿಎಲ್‌ಗೆ ಪಿಎಲ್ ಅಂಟಿಸ್ತಿರಲಿಲ್ಲ. ಅವಳ ಮ್ಯಾನೇಜರ್ ಒಪ್ಪಿದ್ರೆ ನನ್ನ ತಕರಾರಿಲ್ಲ.

ಕೇಳಿದವರು: ಸರ್, ಕಾರಣದಲ್ಲಿ ‘ವೈಯಕ್ತಿಕ’ ಸಾಕಾ? ವಿಳಾಸ ಯಾವುದು ಬರೀಲಿ?

ನಿವೃತ್ತ ಹೆಡ್ ಕ್ಯಾಷಿಯರ್: ‘ಅಕ್ಕನ ಮದುವೆ’ ಅಂತ ನೇರ ಬರೆ, ಪಿಎಲ್ ಬೇಗ ಸಿಗ್ತದೆ. ವಿಳಾಸ ಕಾರವಾರದ ಬಾಡಿಗೆ ಮನೆದಲ್ಲ, ರಜೆಯಲ್ಲಿ ಇರುವ ಜಾಗದ್ದು. ಕೇರಿ ಹೆಸರು, ಮನೆಯ ಲ್ಯಾಂಡ್‌ಲೈನ್ ನಂಬರೂ ಹಾಕು; ದೇವಿಮನೆ ಘಟ್ಟ ಹತ್ತಿದ ಮೇಲೆ ಮೊಬೈಲ್ ನಂಬೋಕಾಗೋದಿಲ್ಲ. ಬಾಕಿ ರಜೆ ಖಾನೆಯನ್ನು ನೆನಪಿನಿಂದ ತುಂಬಬೇಡ, ರಜೆ ರಿಜಿಸ್ಟರ್ ನೋಡಿ ಬರೆ, ಅಥವಾ ಖಾಲಿ ಬಿಡು, ಕಚೇರಿಯವರೇ ತುಂಬ್ತಾರೆ. ಕೆಳಗಿನ ‘ಮಂಜೂರು’ ಭಾಗಕ್ಕೆ ಪೆನ್ನೇ ಹಚ್ಚಬೇಡ.

ನಿನ್ನ ಕೈಯಲ್ಲಿ ಕ್ಯಾಷ್ ಕೀ ಇದೆಯಾ?

ಕೇಳಿದವರು: ಇಲ್ಲ ಸರ್, ಕೌಂಟರ್ ಮಾತ್ರ.

ನಿವೃತ್ತ ಹೆಡ್ ಕ್ಯಾಷಿಯರ್: ಹಾಗಿದ್ರೆ ಬಚಾವ್. ಕೀ ಇದ್ದವರು 13ರ ಸಂಜೆಯೇ ಹಸ್ತಾಂತರ ಮಾಡಿ, ರಿಜಿಸ್ಟರಿನಲ್ಲಿ ಇಬ್ಬರೂ ಸಹಿ ಹಾಕಿ ಹೊರಡಬೇಕು. ನಾನು ಒಮ್ಮೆ ಮರೆತು ಕೀ ಸಮೇತ ಶಿರಸಿ ಬಸ್ಸು ಹತ್ತಿದ್ದೆ. ಕುಮಟಾದಲ್ಲಿ ಇಳಿದು ವಾಪಸ್ ಬಂದೆ.